ಅಕ್ಷರ ಸರಿ, ತಾಳ ತಪ್ಪು

ನನ್ನ ಕಿರಿಯ ಮಗಳು ದಾದಿಯ ಕೆಲಸವನ್ನು ಕಲಿತವಳು. 2022ರಲ್ಲಿ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಉದ್ಯೋಗ ದೊರೆಯಿತು. ಅಲ್ಲಿಗೆ ಹೋದ ಎರಡನೆಯ ತಿಂಗಳಲ್ಲಿ, ಒಂದು ರಾತ್ರಿ, ಒಬ್ಬ ರೋಗಿಯ ಮೈಮೇಲೆ ದದ್ದುಗಳೆದ್ದು ಮುಖವು ಊದಿಕೊಳ್ಳತೊಡಗಿತು. ಅವಳು ಒಡನೆಯೇ ವೈದ್ಯರಿಗೆ ಟೆಲಿಫೋನು ಮಾಡಿ, ‘ದ ಪೇಷೆಂಟ್ ಹ್ಯಾಸ್ ಡೆವಲಪ್ಡ್ ಆನ್ ಅಲರ್ಜಿ ಟು ಪೆನಿಸಿಲಿನ್’ ಎಂದಳು. ರೋಗಿಗೆ ಪೆನಿಸಿಲಿನ್ ಔಷಧ ಒಗ್ಗದೆ ಹೋಗಿದೆಯೆಂದು ಅದರ ಅರ್ಥ. ವೈದ್ಯರು, ‘ಎ ಲಾರ್ಜ್ ವಾಟ್?’ ಎಂದು ಕೇಳಿದರು. ಎಂದರೆ, ‘ದೊಡ್ಡದು ಏನು?’ ಎಂದು! ಅವಳು ಮತ್ತೊಮ್ಮೆ ಹೇಳಿದಳು, ಇನ್ನೂ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು. ಆಗಲೂ ತಿಳಿಯಲಿಲ್ಲ. ಕಡೆಗೆ ಆ ಪದದ ಇಂಗ್ಲಿಷ್ ಕಾಗುಣಿತವನ್ನು ಒಂದೊಂದಾಗಿ ಹೇಳಿದ ಮೇಲೆ ತಿಳಿಯಿತು. ರೋಗಿಗೆ ಅಪಾಯವೇನೂ ಆಗಲಿಲ್ಲ. ಆದರೆ ಅರ್ಧ ನಿಮಿಷ ವ್ಯರ್ಥವಾಗಿ ಹೋಯಿತಲ್ಲಾ ಎಂಬ ಕಳವಳದಿಂದ ಅವಳಿಗೆ ಮರುದಿನ ನಿದ್ರೆ ಬರಲಿಲ್ಲ.

‘ಅಪ್ಪಾ, ನೀವು ಕಲಿಸಿದ ಉಚ್ಚಾರಣೆಯನ್ನೇ ಮಾಡಿದೆ, ಒಂದಕ್ಷರವೂ ತಪ್ಪಲಿಲ್ಲ’ ಎಂದು ಅವಳು ನನಗೆ ಹೇಳಿದಳು. ಈ ಮಾತು ನನಗೆ ನಾಟಿತು. ನಾನು ಸಂಸ್ಕೃತವನ್ನು ಓದಿದವನು. ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷಿನ ಉಪಾಧ್ಯಾಯರು ಇಲ್ಲದ ವರ್ಷಗಳಲ್ಲಿ ಆ ಪಾಠವನ್ನೂ ನಾನೇ ಮಾಡಿದ್ದೆನು. ಹಲ್ಲನ್ನು ಕೆಳತುಟಿಗೆ ಮುಟ್ಟಿಸಿ ಹೇಳುವ ವಕಾರ ಯಾವುದು, ತುಟಿಗಳನ್ನು ದುಂಡಗೆ ಮಾಡಿ ಹೇಳುವ ವಕಾರ ಯಾವುದು, ಸಕಾರವೆಲ್ಲಿ, ಜೇನ್ನೊಣದ ಝೇಂಕಾರದಂತಹ ಜಕಾರವೆಲ್ಲಿ, ಇವನ್ನೆಲ್ಲ ಮಕ್ಕಳ ಬಾಯಲ್ಲಿ ತಿದ್ದಿ ತೀಡಿದ್ದೆನು. ಮಗಳ ಬಾಯಲ್ಲಿ ಇವೆಲ್ಲವೂ ಸರಿಯಾಗಿಯೇ ಇದ್ದುವು. ಹಾಗಾದರೆ ತಪ್ಪಿದ್ದೇನು? ಅದನ್ನು ಅರಸುತ್ತ ಹೋದಾಗ ನನಗೆ ದೊರೆತುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಿವಿಯ ಅಭ್ಯಾಸವನ್ನು ನೋಡೋಣ. ನಮ್ಮ ಶಿಕ್ಷಾಶಾಸ್ತ್ರದವರು ಉಚ್ಚಾರಣೆಯ ಕಾಲವನ್ನು ಅಳೆಯುವುದಕ್ಕೆ ಮಾತ್ರೆಯೆಂಬ ಅಳತೆಯನ್ನಿಟ್ಟುಕೊಂಡರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು, ಬರಿಯ ವ್ಯಂಜನಕ್ಕೆ ಅರ್ಧ. ಪಾಣಿನೀಯ ಶಿಕ್ಷೆಯು ಇದಕ್ಕೆ ಸೊಗಸಾದ ಗುರುತುಗಳನ್ನು ಕೊಡುತ್ತದೆ: ನೀಲಕಂಠ ಪಕ್ಷಿಯ ಕೂಗು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಗಡಿಯಾರವಿಲ್ಲದ ಕಾಲದಲ್ಲಿ ಗುರುಕುಲದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಎಲ್ಲಿ ಸಿಕ್ಕೀತು? ಕನ್ನಡವನ್ನು ಆಡುವ ನಾವೂ ತಿಳಿದೋ ತಿಳಿಯದೆಯೋ ಈ ಲೆಕ್ಕದಲ್ಲಿಯೇ ಮಾತನಾಡುವೆವು. ‘ಮನೆಯವರಿಗೆ ತಿಳಿಸಿದೆ’ ಎಂಬಲ್ಲಿ ಒಂದೊಂದು ಅಕ್ಷರಕ್ಕೂ ಅದರದರ ಪಾಲು ಸಲ್ಲುವುದು. ಯಾವ ಸ್ವರವೂ ಇನ್ನೊಂದರ ನೆರಳಿನಲ್ಲಿ ಬಾಡಿಹೋಗುವುದಿಲ್ಲ. ಅವಸರದಲ್ಲಿ ಆಡುಮಾತಿನಲ್ಲಿ ಒಂದು ಸ್ವರವನ್ನು ನುಂಗಬಹುದು. ಆದರೆ ಉಳಿದ ಸ್ವರಗಳು ತಮ್ಮ ಬಣ್ಣವನ್ನು ಬಿಡುವುದಿಲ್ಲ, ಇಕಾರವು ಇಕಾರವಾಗಿಯೇ ಇರುವುದು.

ಇಂಗ್ಲಿಷಿನ ನಡೆ ಬೇರೆ. ಅಲ್ಲಿ ವಾಕ್ಯದ ನಾಲ್ಕಾರು ಅಕ್ಷರಗಳ ಮೇಲೆ ಮಾತ್ರ ಧ್ವನಿಯ ಪೆಟ್ಟು ಬೀಳುವುದು. ಇದನ್ನು ಘಾತವೆಂದು ಕರೆಯೋಣ. ಘಾತ ಬಿದ್ದ ಅಕ್ಷರವು ಉದ್ದವಾಗಿ, ಗಟ್ಟಿಯಾಗಿ, ತನ್ನ ಸ್ವರದ ಪೂರ್ಣ ಬಣ್ಣದೊಡನೆ ಹೊರಡುವುದು. ನಡುವಿನ ಮಿಕ್ಕ ಅಕ್ಷರಗಳು ಮುದುಡಿಕೊಂಡು, ತಮ್ಮ ಸ್ವರವನ್ನೇ ಕಳೆದುಕೊಂಡು, ಬಾಯನ್ನು ಸರಿಯಾಗಿ ತೆರೆಯದೆ ನುಡಿದ ಒಂದು ಮಂಕು ಅಕಾರವಾಗಿ ಬಿಡುವುವು. ಬರೆಯುವಾಗ ಅಲ್ಲಿ ಯಾವ ಸ್ವರದ ಅಕ್ಷರವನ್ನೇ ಬರೆದಿರಲಿ, ಬಾಯಲ್ಲಿ ಬಹುತೇಕ ಈ ಮಂಕು ಅಕಾರವೇ. (ಘಾತವೆಂದರೆ ವೇದದ ಉದಾತ್ತವೇ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಅಲ್ಲ. ಉದಾತ್ತಾನುದಾತ್ತಗಳು ಸ್ವರದ ಏರಿಳಿತ. ಅನುದಾತ್ತವಾದ ಮಾತ್ರಕ್ಕೆ ಅಕ್ಷರವು ತನ್ನ ಮಾತ್ರೆಯನ್ನು ಕಳೆದುಕೊಳ್ಳುವುದಿಲ್ಲ.)

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ‘ಬಾಯ್ಸ್ ಬ್ರಿಂಗ್ ಬುಕ್ಸ್’ ಎಂದು ಹೇಳುತ್ತ ಮೂರು ಸಲ ಚಪ್ಪಾಳೆ ತಟ್ಟಿ. ಈಗ ಚಪ್ಪಾಳೆಯ ವೇಗವನ್ನು ಬದಲಿಸದೆ, ‘ದ ಬಾಯ್ಸ್ ಹ್ಯಾವ್ ಬೀನ್ ಬ್ರಿಂಗಿಂಗ್ ದ ಬುಕ್ಸ್’ ಎಂದು ಹೇಳಿ; ಬಾಯ್ಸ್, ಬ್ರಿಂಗ್, ಬುಕ್ಸ್ ಎಂಬ ಮೂರರ ಮೇಲೆಯೇ ಚಪ್ಪಾಳೆ ಬೀಳಬೇಕು. ಮೊದಲನೆಯದರಲ್ಲಿ ಮೂರು ಅಕ್ಷರ, ಎರಡನೆಯದರಲ್ಲಿ ಎಂಟು. ಇಂಗ್ಲಿಷರ ಮಗುವಿಗೆ ಇದು ಆಟ. ನಮಗಾದರೋ ‘ಹ್ಯಾವ್ ಬೀನ್’ ಎಂಬುವು ಅಡ್ಡ ಬಂದು ನಿಲ್ಲುವುವು. ಅವಕ್ಕೆ ಅವುಗಳ ಮಾತ್ರೆಯನ್ನು ಕೊಡದೆ ದಾಟಲು ನಾಲಗೆ ಒಪ್ಪದು. ‘ಹವ್ಬಿನ್’ ಎಂದು ಒಂದೇ ಉಸಿರಿನಲ್ಲಿ ಮುದುಡಿದರೆ ಮಾತ್ರ ತಾಳಕ್ಕೆ ಸಿಕ್ಕುವುದು.

ಈಗ ನನ್ನ ಮಗಳ ವಾಕ್ಯಕ್ಕೆ ಬರೋಣ. ಅದರಲ್ಲಿ ಹದಿನಾರು ಅಕ್ಷರಗಳಿವೆ. ಇಂಗ್ಲಿಷರ ಬಾಯಲ್ಲಿ ಘಾತಗಳು ನಾಲ್ಕೇ: ‘ಪೇಷೆಂಟ್’ ಎಂಬುದರ ಮೊದಲಕ್ಷರ, ‘ಡೆವಲಪ್ಡ್’ ಎಂಬುದರ ಎರಡನೆಯ ಅಕ್ಷರ, ‘ಅಲರ್ಜಿ’ಯ ಮೊದಲನೆಯದು, ‘ಪೆನಿಸಿಲಿನ್’ ಎಂಬಲ್ಲಿ ‘ಸಿ’. ಪೆನಿಸಿಲಿನ್ನಿನ ಮೊದಲಿಗೆ ಒಂದು ಸಣ್ಣ ಪೆಟ್ಟೂ ಉಂಟು. ಮಿಕ್ಕುದೆಲ್ಲ ಮಂಕು. ಕನ್ನಡದ ಲಿಪಿಯಲ್ಲಿ ಆದಷ್ಟು ತೋರಿಸುವುದಾದರೆ, ‘ದ ಪೇಶ್ನ್ಟ್ ಹಜ಼್ ಡಿವೆಲಪ್ಟ್ ಅನ್ ಆ್ಯಲಜಿ ಟ ಪೆನಿಸಿಲಿನ್’ ಎಂದಾಗುವುದು. ಹೀಗೆ ಬರೆದರೂ ಮೋಸವೇ; ನಮ್ಮ ಲಿಪಿಯಲ್ಲಿ ಆ ಮಂಕು ಸ್ವರಕ್ಕೆ ಗುರುತೇ ಇಲ್ಲ, ಬರೆದ ಅಕಾರವೆಲ್ಲವೂ ತುಂಬು ಅಕಾರವೇ. ಇಂಗ್ಲಿಷ್ ಪದಗಳ ಮೇಲೆ ಕನ್ನಡ ಅಕ್ಷರಗಳನ್ನು ಬರೆಸಿ ಓದಿಸಿದ ನಮ್ಮಂತಹ ಉಪಾಧ್ಯಾಯರು ಮಕ್ಕಳಿಗೆ ಎಂತಹ ತೊಡಕನ್ನು ಉಂಟುಮಾಡಿದೆವೆಂಬುದು ಈಗ ಹೊಳೆಯುತ್ತಿದೆ.

‘ಅಲರ್ಜಿ’ಯನ್ನು ಛಂದಸ್ಸಿನ ಕಣ್ಣಿನಿಂದ ನೋಡಿ. ಅ ಲಘು, ಲರ್ ಮುಂದೆ ವ್ಯಂಜನವಿರುವುದರಿಂದ ಗುರು, ಜಿ ಲಘು. ಜಗಣ! ನಮ್ಮ ಬಾಯಲ್ಲಿ ಭಾರವೆಲ್ಲ ನಡುವಿನ ಗುರುವಿನ ಮೇಲೆ ತಾನಾಗಿಯೇ ಬೀಳುವುದು. ಇಂಗ್ಲಿಷರು ಅದನ್ನು ಮೊದಲಲ್ಲಿ ಭಾರ, ಆಮೇಲೆರಡು ಹಗುರ, ಎಂದರೆ ಭಗಣದಂತೆ ನುಡಿಯುವರು. ‘ಡೆವಲಪ್ಡ್’ ನಮಗೆ ಲಘು, ಲಘು, ಗುರು ಎಂಬ ಸಗಣ. ಅವರಿಗೆ ನಡುವೆ ಭಾರವಿರುವ ಜಗಣ. ಅವರ ಭಾರವು ಬಲದಿಂದ ಬಂದದ್ದು, ನಮ್ಮದು ಕಾಲದಿಂದ ಬಂದದ್ದು; ಆದುದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಇದು ಕೈಯಲ್ಲಿಟ್ಟಂತೆ ತೋರಿಸುತ್ತದೆ. ನಮ್ಮ ಗುರುಲಘುಗಳ ನ್ಯಾಯವನ್ನು ನಾವು ಇಂಗ್ಲಿಷಿಗೂ ಹಚ್ಚಿದೆವು.

ಅಷ್ಟರಿಂದ ಕೇಳುವವನಿಗೆ ಅರ್ಥವೇ ಕೆಡುವುದೇಕೆ? ಮಾತಿನಲ್ಲಿ ಪದಗಳ ನಡುವೆ ಬರಹದಲ್ಲಿರುವಂತೆ ಖಾಲಿ ಜಾಗಗಳಿಲ್ಲ. ಕಿವಿಯೇ ಅವನ್ನು ಕತ್ತರಿಸಿಕೊಳ್ಳಬೇಕು. ಇಂಗ್ಲಿಷರ ಕಿವಿಯು ಕತ್ತರಿ ಹಾಕುವುದು ಗಟ್ಟಿ ಅಕ್ಷರ ಬಂದ ಕಡೆಯಲ್ಲಿ. ಏಕೆಂದರೆ ಅವರ ಸಂಭಾಷಣೆಯಲ್ಲಿ ಅರ್ಥವುಳ್ಳ ಪದಗಳಲ್ಲಿ ನೂರಕ್ಕೆ ಸುಮಾರು 90 ಗಟ್ಟಿ ಅಕ್ಷರದಿಂದಲೇ ಮೊದಲಾಗುವುವೆಂದು ಆ್ಯನ್ ಕಟ್ಲರ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಯೂ 1987ರಲ್ಲಿ ಎಣಿಸಿ ತೋರಿಸಿದರು. ಹೀಗಿರಲು, ಅ-ಲರ್-ಜಿ ಎಂದು ನಡುವೆ ಭಾರ ಕೊಟ್ಟರೆ ಆ ವೈದ್ಯರ ಕಿವಿಯು ‘ಅ’ ಎಂಬುದನ್ನು ಹಿಂದಿನದಕ್ಕೆ ಸೇರಿಸಿ, ‘ಲರ್ಜ್’ ಎಂಬಲ್ಲಿ ಹೊಸ ಪದವೊಂದು ಹುಟ್ಟಿತೆಂದು ಬಗೆಯಿತು. ‘ಎ ಲಾರ್ಜ್’ ಎಂಬುದು ಹುಟ್ಟಿದ್ದು ಹೀಗೆ. ಅವಳು ಮತ್ತೂ ನಿಧಾನವಾಗಿ ಹೇಳಿದಷ್ಟೂ ಅಕ್ಷರಗಳು ಮತ್ತೂ ಸಮನಾಗಿ, ಕತ್ತರಿ ಹಾಕಲು ಗುರುತೇ ಇಲ್ಲದಂತಾಯಿತು. ಸ್ಪಷ್ಟವಾಗಿ ಹೇಳಬೇಕೆಂಬ ನಮ್ಮ ಪ್ರಯತ್ನವೇ ನಮಗೆ ಶತ್ರುವಾದದ್ದು ಹೀಗೆ.

ಭಾಷೆಗಳ ಈ ಎರಡು ನಡೆಗಳನ್ನು ವಿದ್ವಾಂಸರು ಗುರುತಿಸಿದ ಕಥೆಯೂ ಸ್ವಾರಸ್ಯವಾಗಿದೆ. 1940ರಲ್ಲಿ ಆರ್ಥರ್ ಲಾಯ್ಡ್ ಜೇಮ್ಸ್ ಎಂಬ ಧ್ವನಿಶಾಸ್ತ್ರಜ್ಞರು ಫ್ರೆಂಚ್, ಸ್ಪ್ಯಾನಿಷ್‌ಗಳ ನಡೆಯನ್ನು ಯಂತ್ರಬಂದೂಕಿನ ಸದ್ದಿಗೂ ಇಂಗ್ಲಿಷಿನ ನಡೆಯನ್ನು ತಂತಿಯಂತ್ರದ ಮೋರ್ಸ್ ಸಂಕೇತಕ್ಕೂ ಹೋಲಿಸಿದರು. ನಮ್ಮ ದೇಶದಲ್ಲಿ ತಂತಿ ಕಳುಹಿಸುವ ಪದ್ಧತಿಯು 2013ರಲ್ಲಿ ನಿಂತುಹೋಯಿತು. ಆ ಉದ್ದಗಿಡ್ಡ ಟಿಕ್ಕುಗಳನ್ನು ಕೇಳಿದವರಿಗೆ ಈ ಹೋಲಿಕೆ ಎಷ್ಟು ಸಮಂಜಸವೆಂಬುದು ತಿಳಿದೀತು. 1945ರಲ್ಲಿ ಅಮೆರಿಕದ ಕೆನೆತ್ ಪೈಕ್ ಇವೆರಡಕ್ಕೆ ಶಾಸ್ತ್ರೀಯವಾದ ಹೆಸರುಗಳನ್ನಿತ್ತರು. ಕನ್ನಡದಲ್ಲಿ ಅಕ್ಷರಗತಿ, ಘಾತಗತಿ ಎನ್ನಬಹುದು. 1967ರಲ್ಲಿ ಡೇವಿಡ್ ಅಬರ್‌ಕ್ರೋಂಬಿಯವರು ಇನ್ನೂ ಮುಂದೆ ಹೋಗಿ, ಲೋಕದ ಭಾಷೆಗಳೆಲ್ಲ ಈ ಎರಡರಲ್ಲೊಂದು ವರ್ಗಕ್ಕೆ ಸೇರುವುವೆಂದರು: ಇಂಗ್ಲಿಷ್, ರಷ್ಯನ್, ಅರಬ್ಬಿಗಳಲ್ಲಿ ಘಾತದಿಂದ ಘಾತಕ್ಕೆ ಸಮಕಾಲ, ಫ್ರೆಂಚ್, ಯೊರುಬಾ, ಮತ್ತು ನಮ್ಮ ನೆರೆಯ ತೆಲುಗಿನಲ್ಲಿ ಅಕ್ಷರದಿಂದ ಅಕ್ಷರಕ್ಕೆ ಸಮಕಾಲ.

ಕೇಳಲು ಚೆನ್ನಾಗಿದೆ. ಆದರೆ 1982ರಲ್ಲಿ ಪೀಟರ್ ರೋಚ್ ಎಂಬವರು ಅದೇ ಆರು ಭಾಷೆಗಳನ್ನು ಯಂತ್ರದಿಂದ ಅಳೆದು ನೋಡಿದಾಗ ಅಂತಹ ಸಮಕಾಲವು ಎಲ್ಲಿಯೂ ಸಿಕ್ಕಲಿಲ್ಲ. ನಮ್ಮ ವಾಕ್ಯದಲ್ಲಿಯೇ ನೋಡಿ. ಮೊದಲಿನ ಘಾತದಿಂದ ಎರಡನೆಯದರವರೆಗೆ ನಾಲ್ಕು ಅಕ್ಷರ, ಆಮೇಲೆ ಮೂರು, ಅನಂತರ ಆರು, ಕಡೆಗೆ ಎರಡು. ಆರಕ್ಷರದ ಭಾಗವು ಮೂರಕ್ಷರದ ಭಾಗಕ್ಕಿಂತ ಉದ್ದವಾಗಿಯೇ ಇರುವುದು. ಆದರೆ ಎರಡರಷ್ಟು ಉದ್ದವಲ್ಲ. ಚಪ್ಪಾಳೆಯ ಆಟದಲ್ಲಿ ನಾವು ಬಲಾತ್ಕಾರವಾಗಿ ಸಮಮಾಡಿದೆವು, ಸಹಜವಾದ ಮಾತು ಅಷ್ಟು ಶಿಸ್ತಿನದಲ್ಲ. ಹಾಗಾದರೆ ಆ ಭೇದವು ಭ್ರಮೆಯೇ? ಅಲ್ಲ. 1983ರಲ್ಲಿ ರೆಬೆಕಾ ಡಾವರ್ ಎಂಬ ವಿದುಷಿ ಇದಕ್ಕೊಂದು ಸಮಾಧಾನವನ್ನು ಹೇಳಿದರು. ಭೇದವಿರುವುದು ಗಡಿಯಾರದಲ್ಲಲ್ಲ, ಭಾಷೆಯ ಕಟ್ಟಡದಲ್ಲಿ. ಘಾತವಿಲ್ಲದ ಸ್ವರವು ಮಂಕಾಗುವುದೇ ಇಲ್ಲವೇ ಎಂಬುದು ಒಂದು. ಒಂದು ಸ್ವರದ ಸುತ್ತ ಎಷ್ಟು ವ್ಯಂಜನಗಳು ಗುಂಪುಗೂಡಬಹುದು ಎಂಬುದು ಇನ್ನೊಂದು. ‘ಸ್ಟ್ರೆಂಗ್ತ್ಸ್’ ಎಂಬ ಇಂಗ್ಲಿಷ್ ಪದದಲ್ಲಿ ಒಂದೇ ಸ್ವರವು ಅಷ್ಟೊಂದು ವ್ಯಂಜನಗಳನ್ನು ಹೊತ್ತುಕೊಂಡಿದೆ. ನಾವಾದರೋ ಬುಕ್ಕನ್ನು ‘ಬುಕ್ಕು’ ಎಂದು, ಲೈಟನ್ನು ‘ಲೈಟು’ ಎಂದು ಕಡೆಗೊಂದು ಉಕಾರವನ್ನಿಕ್ಕಿ ಸ್ವರಾಂತ ಮಾಡಿದ ಹೊರತು ಸುಮ್ಮನಿರೆವು. ಒಂದು ಉಕಾರ ಸೇರಿದರೆ ಒಂದು ಮಾತ್ರೆ ಸೇರಿತು, ತಾಳ ಬದಲಾಯಿತು.

ನನ್ನ ಸ್ವಂತ ಅಭಿಪ್ರಾಯವನ್ನು ಹೇಳುವುದಾದರೆ, ಕನ್ನಡವನ್ನು ಬರಿಯ ಅಕ್ಷರಗತಿಯೆನ್ನುವುದೂ ಪೂರ್ತಿಯಾಗಿ ಹೊಂದುವುದಿಲ್ಲ. ಗುರುವಿಗೂ ಲಘುವಿಗೂ ಸಮಕಾಲವೆಂದು ಯಾವ ಕನ್ನಡಿಗನೂ ಒಪ್ಪನು. ಜಪಾನೀ ಭಾಷೆಗಾಗಿ ವಿದ್ವಾಂಸರು ಮಾತ್ರಾಗತಿಯೆಂಬ ಮೂರನೆಯ ವರ್ಗವನ್ನು ಮಾಡಿಕೊಂಡಿದ್ದಾರೆ. ನಮ್ಮ ನಡೆ ಅದಕ್ಕೂ ಅಕ್ಷರಗತಿಗೂ ನಡುವೆ ಎಲ್ಲಿಯೋ ಇರುವಂತೆ ತೋರುತ್ತದೆ.

ತಾಳವೇ ಮುಖ್ಯ, ಬಿಡಿ ಧ್ವನಿಯಲ್ಲ ಎಂಬುದಕ್ಕೆ ಪ್ರಮಾಣವೇನೆಂದು ವಾಚಕರು ಕೇಳಬಹುದು. 1997ರಲ್ಲಿ ಟಜಿಮ, ಪೋರ್ಟ್, ಡಾಲ್ಬಿ ಎಂಬ ಮೂವರು ಒಂದು ಜಾಣತನದ ಪ್ರಯೋಗವನ್ನು ಪ್ರಕಟಿಸಿದರು. ಚೀನೀ ಭಾಷೆಯವರೊಬ್ಬರು ನುಡಿದ ಚಿಕ್ಕ ಚಿಕ್ಕ ಇಂಗ್ಲಿಷ್ ಪದಪುಂಜಗಳನ್ನು ಮುದ್ರಿಸಿಕೊಂಡು, ಗಣಕಯಂತ್ರದ ಸಹಾಯದಿಂದ ಅವುಗಳ ಕಾಲವನ್ನು ಮಾತ್ರ ಹಿಗ್ಗಿಸಿ ಕುಗ್ಗಿಸಿ, ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರ ಅಳತೆಗೆ ಸರಿಹೊಂದಿಸಿದರು. ಧ್ವನಿಗಳ ಗುಣವನ್ನು ಮುಟ್ಟಲಿಲ್ಲ. ವಕಾರವು ಇದ್ದ ಹಾಗೆಯೇ ಇತ್ತು, ರಕಾರವೂ ಇದ್ದ ಹಾಗೆಯೇ. ಮೊದಲು ಕೇಳುಗರು ನೂರಕ್ಕೆ 39ನ್ನು ಸರಿಯಾಗಿ ಗುರುತಿಸಿದ್ದರು. ಕಾಲವನ್ನು ತಿದ್ದಿದ ಮೇಲೆ 58ನ್ನು ಗುರುತಿಸಿದರು. ಇದನ್ನೇ ತಿರುವುಮುರುವಾಗಿಯೂ ಮಾಡಿದರು. ಇಂಗ್ಲಿಷ್ ಮನೆಮಾತಿನವರ ನುಡಿಗೆ ಚೀನೀಯರ ಕಾಲವನ್ನು ತೊಡಿಸಿದಾಗ 94 ಇದ್ದದ್ದು 83ಕ್ಕೆ ಇಳಿಯಿತು. ಆದರೆ ನ್ಯಾಯವಾಗಿ ಇನ್ನೊಂದನ್ನೂ ಗಮನಿಸಬೇಕು: ಕಾಲವನ್ನು ತಿದ್ದಿದರೂ 58ನ್ನು ದಾಟಲಿಲ್ಲ. ಉಳಿದ ಕೊರತೆಯಲ್ಲಿ ಬಿಡಿ ಧ್ವನಿಗಳ ಪಾಲು ಉಂಟು. ನಾನು ವಕಾರವನ್ನು ತಿದ್ದಿದ ದುಡಿಮೆಯೆಲ್ಲ ದಂಡವಲ್ಲವೆಂದು ಇದರಿಂದ ಕೊಂಚ ಸಮಾಧಾನಪಟ್ಟುಕೊಂಡೆನು.

ಈ ತಾಳವು ನಮ್ಮನ್ನು ಇಷ್ಟು ಬಲವಾಗಿ ಹಿಡಿದುಕೊಂಡಿರುವುದೇಕೆಂಬುದಕ್ಕೆ ತೊಟ್ಟಿಲಿನ ಮಕ್ಕಳು ಉತ್ತರ ಕೊಟ್ಟಿವೆ. 1998ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ ಕೆಲವೇ ದಿನಗಳಾದ ಕೂಸುಗಳಿಗೆ, ಗೋಡೆಯಾಚೆಯಿಂದ ಕೇಳಿದಂತೆ ಧ್ವನಿಗಳ ವಿವರವನ್ನೆಲ್ಲ ಸೋಸಿ ತೆಗೆದು ತಾಳವೂ ರಾಗವೂ ಮಾತ್ರ ಉಳಿದಿದ್ದ ಮಾತುಗಳನ್ನು ಕೇಳಿಸಿದರು. ಇಂಗ್ಲಿಷಿನಿಂದ ಜಪಾನಿಗೆ ಬದಲಾಯಿಸಿದರೆ ಕೂಸುಗಳು ಗುರುತಿಸಿದುವು. ಇಂಗ್ಲಿಷಿನಿಂದ ಅದರಂತೆಯೇ ನಡೆಯುಳ್ಳ ಡಚ್ಚಿಗೆ ಬದಲಾಯಿಸಿದರೆ ಗುರುತಿಸಲಿಲ್ಲ. ಬಸಿರಿನಲ್ಲಿರುವಾಗಲೇ ತಾಯಿಯ ಮಾತು ಮಗುವಿಗೆ ಹೀಗೆ ಸೋಸಿ ಬರುವುದೆಂಬುದನ್ನು ಇಲ್ಲಿ ನೆನೆಯಬೇಕು. ಅಕ್ಷರವನ್ನು ಶಾಲೆಯಲ್ಲಿ ಕಲಿಯುವೆವು. ತಾಳವನ್ನು ಅದಕ್ಕೂ ಬಹಳ ಮೊದಲೇ ಕಲಿತಿರುವೆವು.

ಇದು ನಮ್ಮೊಬ್ಬರ ಕೊರತೆಯೆಂದು ತಿಳಿಯಬೇಡಿ. ಘಾತಗತಿಯವರು ಕನ್ನಡಕ್ಕೆ ಬಂದಾಗ ಅವರಿಗೂ ಇದೇ ಗತಿ. ‘ನಮಸ್ಕಾರ’ ಎಂಬುದರಲ್ಲಿ ಅವರು ‘ಕಾ’ ಒಂದನ್ನು ಎಳೆದು, ಮಿಕ್ಕ ಅಕಾರಗಳನ್ನು ನುಂಗಿಬಿಡುವರು. ಇನ್ನೂ ದೊಡ್ಡ ತೊಡಕು ನಮ್ಮ ಒತ್ತಕ್ಷರಗಳಲ್ಲಿ. ಇಂಗ್ಲಿಷಿನಲ್ಲಿ ಒಂದು ಪದದೊಳಗೆ ತಕಾರವನ್ನು ಹೆಚ್ಚು ಹೊತ್ತು ಹಿಡಿದುದರಿಂದ ಅರ್ಥ ಬದಲಾಗದು. ಇಲ್ಲಿ ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರವೇ ಅದು. ಹಾಲು ಕೇಳಲು ಹೋಗಿ ಹಲ್ಲು ಕೇಳುವುದೂ ಹೀಗೆಯೇ. ಒಂದೊಂದು ಧ್ವನಿಯನ್ನೂ ಸರಿಯಾಗಿ ನುಡಿದರೂ ಅದನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದು ಅವರಿಗೆ ತಿಳಿಯದು. 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಸಾಹೇಬರ ಮನೆಮಾತು ಜರ್ಮನ್, ಅದೂ ಘಾತಗತಿಯ ಭಾಷೆಯೇ. ಅವರು 1894ರಲ್ಲಿ ಹೊರಬಂದ ತಮ್ಮ ದೊಡ್ಡ ನಿಘಂಟಿಗೆ ಮೊದಲೇ, 1875ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕನ್ನಡದ ಮಾತ್ರೆಯ ಲೆಕ್ಕವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಗುರು ಬೇರೆ ಯಾರು?

ಮಗಳ ಕಥೆಗೆ ಮರಳುವೆನು. ಇಷ್ಟೆಲ್ಲ ತಿಳಿದ ಮೇಲೆ ನಾವಿಬ್ಬರೂ ವಾರಕ್ಕೆರಡು ದಿನ ಟೆಲಿಫೋನಿನಲ್ಲಿ ಅಭ್ಯಾಸ ಮಾಡಿದೆವು. ಮೊದಲು ಅವಳು ಆಸ್ಪತ್ರೆಯಲ್ಲಿ ನಿತ್ಯವೂ ಹೇಳಬೇಕಾದ ಇಪ್ಪತ್ತು ವಾಕ್ಯಗಳನ್ನು ಬರೆದುಕೊಂಡು, ಅಲ್ಲಿಯ ಗೆಳತಿಯೊಬ್ಬಳಿಂದ ಓದಿಸಿ, ಘಾತ ಬಿದ್ದ ಅಕ್ಷರಗಳ ಕೆಳಗೆ ಗೆರೆ ಎಳೆದುಕೊಂಡಳು. ಆಮೇಲೆ ಬಾಯಿ ಮುಚ್ಚಿಕೊಂಡು ವಾಕ್ಯವನ್ನು ಬರಿಯ ಹೂಂಕಾರದಿಂದ ಹಾಡುವುದು. ಬಾಯಿ ಮುಚ್ಚಿದಾಗ ಅಕ್ಷರಗಳು ಮಾಯವಾಗಿ ತಾಳವೊಂದೇ ಉಳಿಯುವುದರಿಂದ ತಪ್ಪು ಒಡನೆಯೇ ಬಯಲಾಗುವುದು: ಹೂಂಕಾರಗಳೆಲ್ಲ ಒಂದೇ ಸಮನಾಗಿ, ಒಡಪೆಯ ಅವಲಕ್ಕಿ ಕುಟ್ಟಿದಂತೆ ಕೇಳಿದರೆ ಅದು ನಮ್ಮ ನಡೆ, ಉದ್ದಗಿಡ್ಡವಾಗಿ ಕೇಳಿದರೆ ಅದು ಅವರದು.

ಮೊದಲ ತಿಂಗಳಲ್ಲಿ ನಾವು ಒಂದು ಪ್ರಮಾದವನ್ನು ಮಾಡಿದೆವು. ಗೆರೆ ಎಳೆದ ಅಕ್ಷರಗಳನ್ನು ಅವಳು ಬಲವಾಗಿ, ಬಹುತೇಕ ಕೂಗಿಯೇ ಹೇಳತೊಡಗಿದಳು. ಆದರೆ ಮಿಕ್ಕವನ್ನು ಕುಗ್ಗಿಸಲಿಲ್ಲ. ಆಗ ಮಾತು ಇನ್ನೂ ವಿಚಿತ್ರವಾಗಿ, ಗದರಿಸಿದಂತೆ ಕೇಳಿತು. ರೋಗಿಯೊಬ್ಬರು ‘ನಿಮಗೆ ನನ್ನ ಮೇಲೆ ಕೋಪವೇ?’ ಎಂದು ಕೇಳಿದರಂತೆ. ಕೆಲಸವಿರುವುದು ಘಾತವನ್ನು ಹೆಚ್ಚಿಸುವುದರಲ್ಲಿ ಅಲ್ಲ, ಉಳಿದವನ್ನು ಮಂಕಾಗಿಸುವುದರಲ್ಲಿ. ನಮ್ಮಂತಹವರಿಗೆ ಅದೇ ಕಷ್ಟ. ಸ್ವರವನ್ನು ನುಂಗಿದರೆ ಮಂತ್ರಲೋಪವಾಯಿತೆಂದು ಕಲಿತು ಬೆಳೆದ ನಾಲಗೆಗೆ ಬೇಕೆಂದೇ ಸ್ವರವನ್ನು ಕೆಡಿಸು ಎಂದರೆ ಹೇಗೆ? ನಾನಂತೂ ಅರವತ್ತರಲ್ಲಿ ಆ ಪ್ರಯತ್ನವನ್ನು ಬಿಟ್ಟೆನು. ನಮ್ಮ ನಾಡಿನೊಳಗೆ ಅದರ ಅಗತ್ಯವೂ ಇಲ್ಲ. ಕನ್ನಡಿಗನೊಬ್ಬನು ತಮಿಳರೊಡನೆಯೋ ತೆಲುಗರೊಡನೆಯೋ ತನ್ನ ತಾಳದಲ್ಲಿಯೇ ಇಂಗ್ಲಿಷನ್ನಾಡಿದರೆ ಇಬ್ಬರಿಗೂ ಸುಲಭವಾಗಿ ತಿಳಿಯುವುದು. ಅಲ್ಲಿ ಇಂಗ್ಲಿಷರ ತಾಳವನ್ನು ಹಿಡಿದರೇ ತಿಳಿಯುವುದು ಕಷ್ಟ. ತಾಳವನ್ನು ಬದಲಿಸಿಕೊಳ್ಳುವ ಗರಜು ಇದ್ದದ್ದು ಮಗಳಿಗೆ, ಅದೂ ಟೆಲಿಫೋನಿನಲ್ಲಿ. ಎದುರಿಗೆ ನಿಂತಾಗ ಮುಖವೂ ಕೈಯೂ ಸಹಾಯಕ್ಕೆ ಬರುವುವು.

ಆರನೆಯ ತಿಂಗಳಲ್ಲಿ ಅವಳು ಒಂದು ಬೆಳಗಿನ ಜಾವ ನನ್ನನ್ನು ಎಬ್ಬಿಸಿ, ‘ಅಪ್ಪಾ, ನಿನ್ನೆ ರಾತ್ರಿ ಅದೇ ವೈದ್ಯರಿಗೆ ಅದೇ ಮಾತನ್ನು ಹೇಳಬೇಕಾಗಿ ಬಂತು, ಇನ್ನೊಬ್ಬ ರೋಗಿಯ ವಿಷಯವಾಗಿ’ ಎಂದಳು. ‘ಏನೆಂದರು?’ ಎಂದು ಕೇಳಿದೆ. ‘ಏನೂ ಕೇಳಲಿಲ್ಲ. ಬರುತ್ತೇನೆಂದರು, ಬಂದರು’ ಎಂದಳು. ಆಮೇಲೆ ತನ್ನ ತಾಯಿಯನ್ನು ಕರೆಯಲು ಹೇಳಿ, ಮನೆಯ ಮಾತನ್ನು, ನಮ್ಮ ತಾಳದಲ್ಲಿಯೇ, ಒಂದು ಗಂಟೆಯ ಹೊತ್ತು ಆಡಿದಳು.